95ಕ್ಕೆ ಕೊಟ್ಟು 110ಕ್ಕೆ ತೀರಿಸುವ ಡಿಬೆಂಚರ್: ನಡುವಿನ ಹದಿನೈದು ರೂಪಾಯಿ ಯಾವ ವರ್ಷದ ಖರ್ಚು?

ಪ್ರಶ್ನೆ: ತುಮಕೂರಿನ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. 2025ರ ಏಪ್ರಿಲ್ 1ರಂದು ನಮ್ಮ ಕಂಪನಿ ತಲಾ 100 ರೂಪಾಯಿ ಮುಖಬೆಲೆಯ, ಶೇ 9 ಬಡ್ಡಿಯ 10,000 ಡಿಬೆಂಚರುಗಳನ್ನು 95 ರೂಪಾಯಿಯಂತೆ ಕೊಟ್ಟಿತು. ಐದು ವರ್ಷದ ಕೊನೆಗೆ 110ರಂತೆ ತೀರಿಸಬೇಕು. ಒಟ್ಟು ಒಂದೂವರೆ ಲಕ್ಷ ನಷ್ಟವನ್ನು ಮೊದಲ ವರ್ಷವೇ ತೆಗೆದುಹಾಕಬೇಕು, ಮೊದಲು ಸೆಕ್ಯುರಿಟೀಸ್ ಪ್ರೀಮಿಯಂ ಖಾತೆಯಿಂದ (ನಮ್ಮಲ್ಲಿ 60,000 ಇದೆ), ಉಳಿದದ್ದು ಲಾಭದಿಂದ ಎಂದು ನನ್ನ ಮಗಳ ಹನ್ನೆರಡನೇ ತರಗತಿಯ ಪುಸ್ತಕ ಹೇಳುತ್ತದೆ. ನಾನು ಬಿ.ಕಾಂ. ಓದುವಾಗ ಐದು ವರ್ಷಕ್ಕೆ ಹಂಚಬೇಕು ಎಂದು ಕಲಿತಿದ್ದೆ. ಮಾಲೀಕರು, ಇನ್ನೂ ಕೊಡದ ಹಣ ಈಗಲೇ ನಷ್ಟ ಹೇಗಾಗುತ್ತದೆ ಎನ್ನುತ್ತಾರೆ. ಬಡ್ಡಿ ಕಳೆದ ಮೇಲೆ ಈ ವರ್ಷದ ಲಾಭ ಸುಮಾರು ನಾಲ್ಕು ಲಕ್ಷ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಾಲೀಕರ ಮಾತಿನಿಂದ ಆರಂಭಿಸುತ್ತೇನೆ. ಅವರಿಗೆ ಸಮಾಧಾನವಾದರೆ ಉಳಿದದ್ದು ಸುಲಭ. "ನಷ್ಟ" ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಈ ಖಾತೆಗೆ ಪುಸ್ತಕಗಳು ಇಟ್ಟ ಹೆಸರು "ಡಿಬೆಂಚರ್ ನೀಡಿಕೆಯ ನಷ್ಟ" ಎಂದು. ಆದರೆ ಯಾರೂ ಏನನ್ನೂ ಕಳೆದುಕೊಂಡಿಲ್ಲ. ಇದು ಬಡ್ಡಿ. ಬೇರೆ ಹೊತ್ತಿನಲ್ಲಿ, ಬೇರೆ ಹೆಸರಿನಲ್ಲಿ ಕೊಡುವ ಬಡ್ಡಿ, ಅಷ್ಟೇ.

ಕೈಸಾಲ ಕೊಡುವವರು ಬಡ್ಡಿಯನ್ನು ಮೊದಲೇ ಮುರಿದುಕೊಂಡು ಉಳಿದ ಹಣ ಕೈಗಿಡುವುದನ್ನು ನೀವು ನೋಡಿರುತ್ತೀರಿ. ಲಕ್ಷ ರೂಪಾಯಿಗೆ ಪತ್ರ ಬರೆಸಿಕೊಂಡು ತೊಂಬತ್ತೈದು ಸಾವಿರ ಎಣಿಸಿ ಕೊಡುತ್ತಾರೆ. ಚೀಟಿಯನ್ನು ಕೂಗಿ ಕಡಿಮೆ ಮೊತ್ತಕ್ಕೆ ಎತ್ತಿಕೊಂಡವರೂ ಬಿಟ್ಟುಕೊಟ್ಟ ಹಣವನ್ನು "ಕಳೆದುಹೋಯಿತು" ಎನ್ನುವುದಿಲ್ಲ, ಅವಸರಕ್ಕೆ ಕೊಟ್ಟ ಬೆಲೆ ಎಂದೇ ತಿಳಿಯುತ್ತಾರೆ. ನಿಮ್ಮ ಕಂಪನಿ ಮಾಡಿದ್ದೂ ಇದನ್ನೇ. ಹಣ ಹಾಕಿದವರು ವರ್ಷಕ್ಕೆ ಸುಮಾರು ಶೇ 12ರಷ್ಟು ಪ್ರತಿಫಲ ಬಯಸಿದ್ದಾರೆ. ಕಂಪನಿ ಮೊದಲ ವರ್ಷಗಳಲ್ಲಿ ಅಷ್ಟು ಬಡ್ಡಿ ಕಟ್ಟುವ ಬದಲು ಶೇ 9ಕ್ಕೆ ಒಪ್ಪಿಸಿ, ಉಳಿದದ್ದನ್ನು ಎರಡು ತುದಿಗಳಲ್ಲಿ ಇಟ್ಟಿದೆ. ಆರಂಭದಲ್ಲಿ ಐದು ರೂಪಾಯಿ ಕಡಿಮೆ ತೆಗೆದುಕೊಂಡಿದೆ, ಕೊನೆಯಲ್ಲಿ ಹತ್ತು ರೂಪಾಯಿ ಹೆಚ್ಚು ಕೊಡಲಿದೆ. ಇದರಿಂದ ಪ್ರತಿ ವರ್ಷ ಕೈಯಿಂದ ಹೊರಹೋಗುವ ಹಣ ಕಡಿಮೆಯಾಗುತ್ತದೆ. ಹೊಸ ಯಂತ್ರ ಹಾಕಿ ಉತ್ಪಾದನೆ ಹಳಿಗೆ ಬರಲು ಎರಡು ಮೂರು ವರ್ಷ ಬೇಕಾಗುವ ಕಂಪನಿಗೆ ಇದು ಸಮಂಜಸವಾದ ಏರ್ಪಾಡು.

ಷೇರನ್ನು ಮುಖಬೆಲೆಗಿಂತ ಕಡಿಮೆಗೆ ಕೊಡುವಂತಿಲ್ಲವಲ್ಲ, ಇದಕ್ಕೆ ಹೇಗೆ ಅನುಮತಿ ಎಂದು ಯಾರಾದರೂ ಕೇಳಬಹುದು. 2013ರ ಕಂಪನಿ ಕಾಯ್ದೆಯ 53ನೇ ಕಲಮಿನ ನಿಷೇಧ ಇರುವುದು ಷೇರುಗಳಿಗೆ. ಡಿಬೆಂಚರ್ ಸಾಲದ ಪತ್ರ, ಬಂಡವಾಳದ ಪಾಲಲ್ಲ. ಹಾಗಾಗಿ ಷೇರಾಗಿ ಬದಲಾಗದ ನಿಮ್ಮಂಥ ಡಿಬೆಂಚರುಗಳಿಗೆ ಆ ತಡೆ ಇಲ್ಲ.

ಈಗ ಒಂದು ಹಾಳೆ ತೆಗೆದುಕೊಂಡು ಐದು ವರ್ಷದ ನಗದನ್ನು ಮಾತ್ರ ಬರೆಯಿರಿ. ಬಂದದ್ದು 9,50,000. ಹೋಗುವುದು ವರ್ಷಕ್ಕೆ 90,000ದಂತೆ ಐದು ವರ್ಷಕ್ಕೆ 4,50,000, ಕೊನೆಗೆ ಅಸಲು ಮತ್ತು ಪ್ರೀಮಿಯಂ ಸೇರಿ 11,00,000, ಒಟ್ಟು 15,50,000. ವ್ಯತ್ಯಾಸ 6,00,000. ಈ ಆರು ಲಕ್ಷವೇ ಸಾಲದ ನಿಜವಾದ ಒಟ್ಟು ವೆಚ್ಚ. ಅದರಲ್ಲಿ ನಾಲ್ಕೂವರೆ ಲಕ್ಷಕ್ಕೆ ಬಡ್ಡಿ ಎಂದು ಹೆಸರಿದೆ, ಒಂದೂವರೆ ಲಕ್ಷಕ್ಕೆ ನಷ್ಟ ಎಂದು ಹೆಸರಿದೆ. ನಿಮ್ಮ ಪುಸ್ತಕ, ಮಗಳ ಪುಸ್ತಕ, ಲೆಕ್ಕಪರಿಶೋಧಕರ ಪದ್ಧತಿ ಯಾವುದನ್ನು ಹಿಡಿದರೂ ಆರು ಲಕ್ಷ ಬದಲಾಗುವುದಿಲ್ಲ. ಬದಲಾಗುವುದು ಯಾವ ವರ್ಷಕ್ಕೆ ಎಷ್ಟು, ಯಾವ ಖಾತೆಯಿಂದ ಎಂಬುದು ಮಾತ್ರ. ಈ ಹಾಳೆಯನ್ನು ಎತ್ತಿಡಿ, ಮುಂದೆ ಎರಡು ಸಲ ಬೇಕಾಗುತ್ತದೆ.

ಇನ್ನೂ ಕೊಡದ ಹತ್ತು ರೂಪಾಯಿಯನ್ನು ಇಂದೇ ಏಕೆ ಬರೆಯಬೇಕು? ಏಕೆಂದರೆ ಕೊಡಬೇಕು ಎಂಬುದು ಇಂದೇ ನಿಶ್ಚಯವಾಗಿದೆ. ಡಿಬೆಂಚರ್ ಪತ್ರದ ಮೇಲೆ 110 ಎಂದು ಅಚ್ಚಾಗಿದೆ. ಲಾಭ ಬರಲಿ ಬಿಡಲಿ ಕೊಡಲೇಬೇಕು. ಮೊತ್ತ ಗೊತ್ತು, ದಿನಾಂಕ ಗೊತ್ತು, ತಪ್ಪಿಸಿಕೊಳ್ಳುವ ದಾರಿ ಇಲ್ಲ. ಅಂಥ ಹೊಣೆಯನ್ನು ಪುಸ್ತಕದ ಹೊರಗೆ ಇಟ್ಟರೆ ನಾಳೆ ಅಢಾವೆ ಪತ್ರಿಕೆ ನೋಡಿ ಸಾಲ ಕೊಡುವ ಬ್ಯಾಂಕಿಗೆ ಒಂದು ಲಕ್ಷದ ಬಾಧ್ಯತೆ ಕಾಣುವುದೇ ಇಲ್ಲ. ಆದ್ದರಿಂದ ನೀಡಿಕೆಯ ದಿನದ ನಮೂದು ಹೀಗಿರುತ್ತದೆ:

ಬ್ಯಾಂಕ್ ಖಾತೆ — ಡೆಬಿಟ್ 9,50,000
 ಡಿಬೆಂಚರ್ ಅರ್ಜಿ ಮತ್ತು ಹಂಚಿಕೆ ಖಾತೆ — ಕ್ರೆಡಿಟ್ 9,50,000

ಡಿಬೆಂಚರ್ ಅರ್ಜಿ ಮತ್ತು ಹಂಚಿಕೆ ಖಾತೆ — ಡೆಬಿಟ್ 9,50,000
ಡಿಬೆಂಚರ್ ನೀಡಿಕೆಯ ನಷ್ಟ ಖಾತೆ — ಡೆಬಿಟ್ 1,50,000
 ಶೇ 9ರ ಡಿಬೆಂಚರ್ ಖಾತೆ — ಕ್ರೆಡಿಟ್ 10,00,000
 ಡಿಬೆಂಚರ್ ಮರುಪಾವತಿ ಪ್ರೀಮಿಯಂ ಖಾತೆ — ಕ್ರೆಡಿಟ್ 1,00,000

ಕೆಲವರು ಡಿಸ್ಕೌಂಟಿನ 50,000ವನ್ನು ಬೇರೆ ಖಾತೆಯಲ್ಲಿ, ಪ್ರೀಮಿಯಂನ 1,00,000ವನ್ನು ನಷ್ಟ ಖಾತೆಯಲ್ಲಿ ಬರೆಯುತ್ತಾರೆ. ಅದೂ ತಪ್ಪಲ್ಲ. ನನಗೆ ಬೇರೆ ಬೇರೆ ಇಡುವುದೇ ಇಷ್ಟ. ಆದಾಯ ತೆರಿಗೆಯ ಲೆಕ್ಕ ಮಾಡುವಾಗ ಡಿಸ್ಕೌಂಟ್ ಎಷ್ಟು ಎಂದು ಹುಡುಕಬೇಕಾಗುವುದಿಲ್ಲ.

ಈ ನಮೂದಿನಲ್ಲಿ ನಿಮ್ಮ ಮಾಲೀಕರು ಗಮನಿಸಬೇಕಾದ ಸಂಗತಿ ಒಂದಿದೆ. ಬಾಧ್ಯತೆಯನ್ನು ಇಂದು ಬರೆದೆವು ಎಂದ ಮಾತ್ರಕ್ಕೆ ಅಷ್ಟೂ ಖರ್ಚನ್ನು ಇಂದಿನ ಲಾಭದಿಂದ ಕಳೆದೆವು ಎಂದಲ್ಲ. ಡೆಬಿಟ್ ಹೋಗಿರುವುದು ನಷ್ಟ ಖಾತೆಗೆ, ಲಾಭ-ನಷ್ಟ ಖಾತೆಗೆ ಅಲ್ಲ. ಬಾಧ್ಯತೆಯನ್ನು ಒಪ್ಪಿಕೊಳ್ಳುವುದು ಒಂದು ಹೆಜ್ಜೆ, ಖರ್ಚಾಗಿ ಕಳೆಯುವುದು ಇನ್ನೊಂದು ಹೆಜ್ಜೆ. ಮಾಲೀಕರ ಆಕ್ಷೇಪ ಎರಡನೆಯದರ ಬಗ್ಗೆ ಆಗಿದ್ದರೆ ಅದರಲ್ಲಿ ತಿರುಳಿದೆ. ಮೊದಲನೆಯದರ ಬಗ್ಗೆ ಆಗಿದ್ದರೆ ಇಲ್ಲ.

ಇನ್ನು ಆ ಒಂದೂವರೆ ಲಕ್ಷವನ್ನು ಹೇಗೆ ಕರಗಿಸುವುದು ಎಂಬ ವಿಚಾರ.

ನಿಮ್ಮ ಮಗಳ ಪುಸ್ತಕದ ದಾರಿ ಮೊದಲ ವರ್ಷವೇ ಮುಗಿಸುವುದು. 60,000 ಸೆಕ್ಯುರಿಟೀಸ್ ಪ್ರೀಮಿಯಂನಿಂದ, 90,000 ಲಾಭ-ನಷ್ಟ ಖಾತೆಯಿಂದ. ನಷ್ಟ ಖಾತೆ ಮಾರ್ಚ್ 31ಕ್ಕೆ ಸೊನ್ನೆಯಾಗುತ್ತದೆ. ಇದರಲ್ಲಿ ಕಾನೂನಿನ ತೊಡಕಿಲ್ಲ. ಕಂಪನಿ ಕಾಯ್ದೆಯ 52ನೇ ಕಲಮಿನ 2ನೇ ಉಪಕಲಮು ಸೆಕ್ಯುರಿಟೀಸ್ ಪ್ರೀಮಿಯಂ ಹಣವನ್ನು ಯಾವುದಕ್ಕೆ ಬಳಸಬಹುದು ಎಂದು ಎಣಿಸಿ ಹೇಳುತ್ತದೆ. ಡಿಬೆಂಚರಿನ ಡಿಸ್ಕೌಂಟನ್ನು ತೆಗೆದುಹಾಕುವುದೂ ಮರುಪಾವತಿಯ ಪ್ರೀಮಿಯಂಗೆ ಏರ್ಪಾಡು ಮಾಡುವುದೂ ಆ ಪಟ್ಟಿಯಲ್ಲಿವೆ. ಆದರೆ ಅದೇ ಕಲಮಿನ 3ನೇ ಉಪಕಲಮು, ನಿಯಮಗಳಲ್ಲಿ ಹೇಳಿದ ವರ್ಗದ ಕಂಪನಿಗಳಿಗೆ ಈ ಎರಡೂ ಬಾಗಿಲುಗಳನ್ನು ಮುಚ್ಚುತ್ತದೆ. ಇಂಡ್ ಎಎಸ್ ಮಾನದಂಡದಂತೆ ಲೆಕ್ಕ ಇಡುವ ದೊಡ್ಡ ಕಂಪನಿಗಳು ಆ ಗುಂಪಿನವು ಎಂದು ಲೆಕ್ಕಪರಿಶೋಧಕರು ನಡೆದುಕೊಳ್ಳುತ್ತಾರೆ. ಷೇರುಪೇಟೆಯಲ್ಲಿ ಪಟ್ಟಿಯಾಗದ, 250 ಕೋಟಿ ರೂಪಾಯಿಯ ನಿವ್ವಳ ಸಂಪತ್ತನ್ನು ಮುಟ್ಟದ ನಿಮ್ಮಂಥ ಸಣ್ಣ ಕಂಪನಿ, ಅಂಥ ದೊಡ್ಡ ಕಂಪನಿಯ ಅಂಗಸಂಸ್ಥೆಯೂ ಅಲ್ಲದಿದ್ದರೆ, ಹಳೆಯ ಲೆಕ್ಕ ಮಾನದಂಡಗಳಲ್ಲೇ ಇರುತ್ತದೆ. ಆದ್ದರಿಂದ ಬಾಗಿಲು ನಿಮಗೆ ತೆರೆದಿದೆ.

ತೆರೆದಿದೆ ಎಂದು ಹೊಗಬೇಕೆ? ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಆ ಹಾಳೆಯನ್ನು ಮತ್ತೆ ನೋಡಿ. ನಿಜವಾದ ವೆಚ್ಚ ಆರು ಲಕ್ಷ. 60,000ವನ್ನು ಷೇರುದಾರರ ಪ್ರೀಮಿಯಂ ಹಣದಿಂದ ನೇರವಾಗಿ ಕಳೆದರೆ ಐದು ವರ್ಷಗಳ ಲಾಭ-ನಷ್ಟ ಖಾತೆಗಳಲ್ಲಿ ಒಟ್ಟಾಗಿ ಕಾಣುವುದು 5,40,000 ಮಾತ್ರ. ಸಾಲದ ವೆಚ್ಚದ ಒಂದು ಭಾಗ ಯಾವ ವರ್ಷದ ಖರ್ಚಿನಲ್ಲೂ ಕಾಣಿಸಿಕೊಳ್ಳದೆ ಹೋಗುತ್ತದೆ. ಲಾಭ ಅಷ್ಟು ಚೆನ್ನಾಗಿ ಕಾಣುತ್ತದೆ, ಆದರೆ ಅದು ಗಳಿಸಿದ ಲಾಭವಲ್ಲ. ಮಾಲೀಕರು ಮುಂದಿನ ಸಲ ಸಾಲ ತರುವಾಗ "ಕಳೆದ ಸಲ ಶೇ 9ಕ್ಕೆ ಸಿಕ್ಕಿತ್ತು" ಎಂದುಕೊಳ್ಳುವ ಅಪಾಯವೂ ಇದೆ. ಹೀಗೆಂದು ನಂಬಿ, ಬ್ಯಾಂಕ್ ಶೇ 11ಕ್ಕೆ ಕೊಡಲು ಬಂದ ಸಾಲವನ್ನು ದುಬಾರಿ ಎಂದು ತಿರಸ್ಕರಿಸಿದ ಒಂದು ಕುಟುಂಬ ಕಂಪನಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವರ ಡಿಬೆಂಚರಿನ ನಿಜವಾದ ದರ ಅದಕ್ಕಿಂತ ಹೆಚ್ಚಿತ್ತು. ಪುಸ್ತಕದಲ್ಲಿ ಎಲ್ಲಿಯೂ ಕಾಣದ ಕಾರಣ ಯಾರಿಗೂ ಹೊಳೆಯಲಿಲ್ಲ.

ನೀವು ಬಿ.ಕಾಂ.ನಲ್ಲಿ ಕಲಿತದ್ದು ಎರಡನೆಯ ದಾರಿ. ಅದು ಹಳೆಯದಾಯಿತು, ಈಗ ನಡೆಯುವುದಿಲ್ಲ ಎಂಬ ಮಾತು ಓಡಾಡುತ್ತಿದೆ. ಅದು ಸರಿಯಲ್ಲ. ಲೆಕ್ಕ ಮಾನದಂಡ ಎಎಸ್ 16 ಸಾಲದ ವೆಚ್ಚಗಳ ಬಗ್ಗೆ ಇದೆ. ಸಾಲಕ್ಕೆ ಸಂಬಂಧಿಸಿದ ಡಿಸ್ಕೌಂಟ್ ಮತ್ತು ಪ್ರೀಮಿಯಂಗಳನ್ನು ಕಂತಾಗಿ ತೆಗೆದುಹಾಕುವ ಮೊತ್ತವೂ ಸಾಲದ ವೆಚ್ಚವೇ ಎಂದು ಅದು ಹೇಳುತ್ತದೆ. ಕಂತಾಗಿ ಎಂಬ ಮಾತಿಗೆ ಅರ್ಥವಿರಬೇಕಾದರೆ ಹಂಚುವುದಕ್ಕೆ ಅವಕಾಶ ಇರಲೇಬೇಕು. ಗೊಂದಲ ಹುಟ್ಟಿದ್ದು 2011ರಿಂದ ಅಢಾವೆ ಪತ್ರಿಕೆಯ ನಮೂನೆ ಬದಲಾದಾಗ. ಹಳೆಯ ನಮೂನೆಯಲ್ಲಿ ಆಸ್ತಿಗಳ ಕೊನೆಗೆ "ಸಂಕೀರ್ಣ ವೆಚ್ಚಗಳು" ಎಂಬ ತಲೆಬರಹವಿತ್ತು, ಉಳಿದ ನಷ್ಟವನ್ನು ಅಲ್ಲಿ ಬರೆಯುತ್ತಿದ್ದೆವು. ಹೊಸ ನಮೂನೆಯಲ್ಲಿ ಆ ತಲೆಬರಹ ಹೋಯಿತು. ಜಾಗ ಹೋಯಿತು ಎಂದರೆ ಪದ್ಧತಿಯೇ ಹೋಯಿತು ಎಂದು ಹಲವರು ತಿಳಿದರು. ಈಗ ಉಳಿಕೆಯನ್ನು ಇತರ ಆಸ್ತಿಗಳ ಅಡಿಯಲ್ಲಿ ತೋರಿಸುತ್ತೇವೆ. ಮುಂದಿನ ಹನ್ನೆರಡು ತಿಂಗಳಲ್ಲಿ ತೆಗೆಯಬೇಕಾದ ಕಂತು ಇತರ ಚಾಲ್ತಿ ಆಸ್ತಿ, ಅದರಾಚೆಯದು ಇತರ ಚಾಲ್ತಿಯಲ್ಲದ ಆಸ್ತಿ.

ನಿಮ್ಮ ಅಂಕಿಗಳಲ್ಲಿ ಹೇಳುವುದಾದರೆ ವರ್ಷಕ್ಕೆ 30,000. ಮೊದಲ ವರ್ಷದ ಕೊನೆಗೆ 1,20,000 ಉಳಿಯುತ್ತದೆ. ಅದರಲ್ಲಿ 30,000 ಚಾಲ್ತಿ, 90,000 ಚಾಲ್ತಿಯಲ್ಲದ್ದು. ನಾಲ್ಕು ಲಕ್ಷದ ಲಾಭ 3,70,000ಕ್ಕೆ ಇಳಿಯುತ್ತದೆ. ಮೊದಲ ದಾರಿಯಲ್ಲಾದರೆ 3,10,000ಕ್ಕೆ ಇಳಿಯುತ್ತಿತ್ತು, ಪ್ರೀಮಿಯಂ ಖಾತೆಯೂ ಬರಿದಾಗುತ್ತಿತ್ತು.

ಈ ದಾರಿಯಲ್ಲೂ ಒಂದು ಅಪಾಯವಿದೆ. 1,20,000 ಎಂಬುದು ಹೆಸರಿಗೆ ಮಾತ್ರ ಆಸ್ತಿ. ಅದನ್ನು ಮಾರಲಾಗದು, ಯಾರಿಂದಲೂ ವಸೂಲಿ ಮಾಡಲಾಗದು. ಕಂಪನಿ ಸೊರಗಿದ ವರ್ಷದಲ್ಲಿ "ಈ ಸಲ ಕಂತು ಬೇಡ, ಮುಂದಿನ ವರ್ಷ ಎರಡು ಕಂತು ತೆಗೆಯೋಣ" ಎಂಬ ಒತ್ತಡ ಬರುತ್ತದೆ. ಒಪ್ಪಬೇಡಿ. ಕಂತು ಕಾಲಕ್ಕೆ ಕಟ್ಟಿದ್ದು, ಲಾಭಕ್ಕೆ ಕಟ್ಟಿದ್ದಲ್ಲ. ಒಂದು ವರ್ಷ ಬಿಟ್ಟರೆ ಲೆಕ್ಕಪರಿಶೋಧಕರು ವರದಿಯಲ್ಲಿ ಆಕ್ಷೇಪ ಬರೆಯಬೇಕಾಗುತ್ತದೆ.

ಡಿಬೆಂಚರ್ ವರ್ಷದ ನಡುವೆ ಕೊಟ್ಟಿದ್ದರೆ ತಿಂಗಳ ಲೆಕ್ಕ ಮಾಡಿ. ಅಕ್ಟೋಬರ್ 1ಕ್ಕೆ ಕೊಟ್ಟಿದ್ದರೆ ಆ ಮಾರ್ಚಿಗೆ 15,000, ನಂತರ ನಾಲ್ಕು ವರ್ಷ 30,000ದಂತೆ, ಕೊನೆಯ ಆರು ತಿಂಗಳಿಗೆ 15,000. ಐದು ವರ್ಷದ ಸಾಲ ಆರು ಲೆಕ್ಕ ವರ್ಷಗಳಿಗೆ ಚಾಚಿಕೊಳ್ಳುತ್ತದೆ.

ಸಮನಾಗಿ ಹಂಚುವುದು ಸರಿಯಾಗುವುದು ಇಡೀ ಹತ್ತು ಲಕ್ಷ ಐದು ವರ್ಷವೂ ನಿಮ್ಮ ಬಳಿ ಇರುವಾಗ ಮಾತ್ರ. ಒಪ್ಪಂದ ಬೇರೆ ಇದ್ದು, ಪ್ರತಿ ವರ್ಷದ ಕೊನೆಗೆ ಎರಡು ಲಕ್ಷ ಮುಖಬೆಲೆಯ ಡಿಬೆಂಚರ್ ತೀರಿಸುತ್ತ ಹೋಗುವುದಾಗಿದ್ದರೆ ಮೊದಲ ವರ್ಷ ಬಳಸಿದ ಸಾಲ ಹತ್ತು ಲಕ್ಷ, ಕೊನೆಯ ವರ್ಷ ಬಳಸಿದ್ದು ಎರಡೇ ಲಕ್ಷ. ಆಗ 30,000ದಂತೆ ಹಂಚಿದರೆ ಎರಡು ಲಕ್ಷ ಬಳಸಿದ ವರ್ಷಕ್ಕೂ ಹತ್ತು ಲಕ್ಷ ಬಳಸಿದ ವರ್ಷಕ್ಕೂ ಒಂದೇ ಹೊರೆ ಬೀಳುತ್ತದೆ. ಅದಕ್ಕೇ ಬಾಕಿ ಇರುವ ಸಾಲದ ಅನುಪಾತದಲ್ಲಿ ಹಂಚುತ್ತೇವೆ. ಬಾಕಿ 10, 8, 6, 4, 2 ಲಕ್ಷ, ಅಂದರೆ 5:4:3:2:1. ಮೊತ್ತ ಹದಿನೈದು ಭಾಗ, ಒಂದು ಭಾಗಕ್ಕೆ 10,000. ಹೀಗೆ 50,000, 40,000, 30,000, 20,000, 10,000. ಪರೀಕ್ಷೆಯಲ್ಲಿ ಮಕ್ಕಳು ಎಡವುವ ಜಾಗ ಇದು: ವರ್ಷದ ಕೊನೆಯಲ್ಲಿ ತೀರಿಸಿದ ನಂತರದ ಬಾಕಿಯನ್ನು ಹಿಡಿದು 4:3:2:1:0 ಎಂದು ಬರೆಯುತ್ತಾರೆ. ವರ್ಷಪೂರ್ತಿ ಎಷ್ಟು ಸಾಲ ಬಳಕೆಯಲ್ಲಿತ್ತು ಎಂಬುದನ್ನು ನೋಡಬೇಕು.

ಮೂರನೆಯ ದಾರಿ ದೊಡ್ಡ ಕಂಪನಿಗಳದ್ದು. ನಿಮಗೆ ಅದು ಕಡ್ಡಾಯವಲ್ಲ, ಆದರೆ ಮಾಲೀಕರಿಗೆ ತೋರಿಸಿದರೆ ವಿಷಯ ಬೆಳಕಿನಷ್ಟು ಸ್ಪಷ್ಟವಾಗುತ್ತದೆ. ಇಂಡ್ ಎಎಸ್ 109ರಲ್ಲಿ ನಷ್ಟ ಖಾತೆ ಎಂಬುದೇ ಇಲ್ಲ, ಮರುಪಾವತಿ ಪ್ರೀಮಿಯಂ ಖಾತೆಯೂ ಇಲ್ಲ. ಸಾಲವನ್ನು ಕೈಗೆ ಬಂದ 9,50,000ಕ್ಕೇ ಬರೆಯುತ್ತಾರೆ. ಪ್ರತಿ ವರ್ಷ 90,000 ಕೊಟ್ಟ ಮೇಲೂ ಅದು ಐದು ವರ್ಷದಲ್ಲಿ ಬೆಳೆದು ಸರಿಯಾಗಿ 11,00,000 ಆಗುವಂಥ ಬಡ್ಡಿ ದರವನ್ನು ಕಂಡುಹಿಡಿಯುತ್ತಾರೆ. ನಿಮ್ಮ ಸಾಲಕ್ಕೆ ಆ ದರ ಸುಮಾರು ಶೇ 11.96. ಮೊದಲ ವರ್ಷ 9,50,000ದ ಮೇಲೆ ಆ ದರದಲ್ಲಿ ಬಡ್ಡಿ ಸುಮಾರು 1,13,600. ಕೊಟ್ಟದ್ದು 90,000. ಉಳಿದ 23,600 ಸಾಲಕ್ಕೇ ಸೇರಿ ಅದು 9,73,600 ಆಗುತ್ತದೆ. ಮುಂದಿನ ವರ್ಷ ಬಡ್ಡಿ ಈ ಹೆಚ್ಚಿದ ಮೊತ್ತದ ಮೇಲೆ. ಹೀಗೆ ಸೇರುವ ಮೊತ್ತ ವರ್ಷದಿಂದ ವರ್ಷಕ್ಕೆ ಸುಮಾರು 23,600, 26,500, 29,600, 33,200, 37,100. ಕೂಡಿಸಿ ನೋಡಿ, ಅದೇ ಒಂದೂವರೆ ಲಕ್ಷ. ಕೊಡದೆ ಉಳಿಸಿಕೊಂಡ ಬಡ್ಡಿಯ ಮೇಲೂ ಬಡ್ಡಿ ಬೆಳೆಯುವುದರಿಂದ ಕಂತು ಏರುತ್ತ ಹೋಗುತ್ತದೆ. ಕಂಪ್ಯೂಟರಿನಲ್ಲಿ ಎಕ್ಸೆಲ್ ಇದ್ದರೆ ದರವನ್ನು ನೀವೇ ಕಾಣಬಹುದು:

```
=RATE(5,-90000,950000,-1100000)
```

ಇದನ್ನು ಮಾಲೀಕರ ಮುಂದೆ ಮಾಡಿ ತೋರಿಸಿ. ಶೇ 9 ಎಂದು ಪತ್ರದ ಮೇಲೆ ಬರೆದ ಸಾಲಕ್ಕೆ ಹನ್ನೆರಡರ ಹತ್ತಿರದ ದರ ಬರುವುದನ್ನು ಕಣ್ಣಾರೆ ಕಂಡರೆ "ಕೊಡದ ಹಣ ಖರ್ಚು ಹೇಗೆ" ಎಂಬ ಪ್ರಶ್ನೆ ಮತ್ತೆ ಬರುವುದಿಲ್ಲ.

ಹಾಗಾದರೆ ನಿಮ್ಮ ಕಂಪನಿಗೆ ಯಾವುದು? ನಾನು ನಿಮ್ಮ ಲೆಕ್ಕಪರಿಶೋಧಕನಾಗಿದ್ದರೆ ಲಾಭ-ನಷ್ಟ ಖಾತೆಯ ಮೂಲಕ ವರ್ಷಕ್ಕೆ 30,000ದಂತೆ ಹಂಚಲು ಹೇಳುತ್ತಿದ್ದೆ, ಪ್ರೀಮಿಯಂ ಖಾತೆಯ 60,000ವನ್ನು ಮುಟ್ಟುತ್ತಿರಲಿಲ್ಲ. ಸಾಲ ಐದು ವರ್ಷ ದುಡಿಯುತ್ತದೆ, ಅದರ ವೆಚ್ಚ ಐದು ವರ್ಷದ ಗಳಿಕೆಯ ಮೇಲೆ ಬೀಳುವುದು ನ್ಯಾಯ. ಹಣಕಾಸು ವೆಚ್ಚ ಎಂಬ ಶೀರ್ಷಿಕೆಯ ಅಡಿಯಲ್ಲಿ ಬಡ್ಡಿಯ 90,000ದ ಪಕ್ಕದಲ್ಲೇ ಇದನ್ನು ಬರೆಯಿರಿ. ನಿಮ್ಮ ಲೆಕ್ಕಪರಿಶೋಧಕರು ಮೊದಲ ವರ್ಷವೇ ಮುಗಿಸೋಣ ಎಂದರೆ ಅದನ್ನೂ ತಪ್ಪು ಎನ್ನಲಾರೆ, ಅದು ಹೆಚ್ಚು ಎಚ್ಚರಿಕೆಯ ದಾರಿ. ಯಾವುದನ್ನು ಹಿಡಿದರೂ ಲೆಕ್ಕ ನೀತಿಯ ಟಿಪ್ಪಣಿಯಲ್ಲಿ ಒಂದು ವಾಕ್ಯ ಬರೆದು ಐದೂ ವರ್ಷ ಅದನ್ನೇ ಪಾಲಿಸಿ. ನಿಮ್ಮ ಮಗಳು ಮಾತ್ರ ಪರೀಕ್ಷೆಯಲ್ಲಿ ಪುಸ್ತಕ ಹೇಳಿದಂತೆಯೇ ಬರೆಯಲಿ. ಅಲ್ಲಿ ಅಂಕ ಕೊಡುವುದು ಆ ಕ್ರಮಕ್ಕೆ.

ಆದಾಯ ತೆರಿಗೆಯಲ್ಲಿ ಪ್ರಶ್ನೆ ಬೇರೆ. ಕಂಪನಿಯ ಪುಸ್ತಕದಲ್ಲಿ ಒಂದೇ ವರ್ಷಕ್ಕೆ ಬರೆದರೆ ತೆರಿಗೆಯಲ್ಲೂ ಒಂದೇ ವರ್ಷಕ್ಕೆ ಸಿಗುತ್ತದೆ ಎಂದು ತಿಳಿಯಬೇಡಿ. ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಇದೇ ವಿಚಾರವನ್ನು ತೀರ್ಮಾನಿಸಿತು. ಆ ಕಂಪನಿ ಒಂದೂವರೆ ಕೋಟಿ ರೂಪಾಯಿಯ ಡಿಬೆಂಚರುಗಳನ್ನು 3,00,000 ಡಿಸ್ಕೌಂಟಿಗೆ ಕೊಟ್ಟಿತ್ತು, ಅವಧಿ 12 ವರ್ಷ. ವರ್ಷಕ್ಕೆ 25,000 ಬೀಳುತ್ತದೆ. ಆ ಲೆಕ್ಕ ವರ್ಷದಲ್ಲಿ ಆರು ತಿಂಗಳು ಮಾತ್ರ ಬಳಕೆಯಾದ್ದರಿಂದ 12,500 ಕೇಳಿತ್ತು. ನ್ಯಾಯಾಲಯ ಡಿಸ್ಕೌಂಟನ್ನು ಖರ್ಚು ಎಂದು ಒಪ್ಪಿತು. ಆದರೆ ಅದರ ಪ್ರಯೋಜನ ಡಿಬೆಂಚರಿನ ಅವಧಿಯುದ್ದಕ್ಕೂ ದೊರೆಯುವುದರಿಂದ ಅವಧಿಗೆ ಹಂಚುವುದೇ ಸರಿ ಎಂದಿತು. ಹೀಗಾಗಿ ಪುಸ್ತಕದಲ್ಲೂ ಹಂಚಿದರೆ ಎರಡು ಲೆಕ್ಕಗಳು ಜೊತೆಯಾಗಿ ನಡೆಯುತ್ತವೆ. ಪುಸ್ತಕದಲ್ಲಿ ಒಂದೇ ವರ್ಷಕ್ಕೆ ಬರೆದು ತೆರಿಗೆಯಲ್ಲಿ ಹಂಚಿದರೆ ಐದು ವರ್ಷವೂ ವ್ಯತ್ಯಾಸದ ಪಟ್ಟಿ ಇಟ್ಟುಕೊಳ್ಳಬೇಕು, ಮುಂದೂಡಿದ ತೆರಿಗೆಯನ್ನೂ ಲೆಕ್ಕ ಹಾಕಬೇಕು.

ಇನ್ನೊಂದು ಗೊಂದಲ ನಿಮ್ಮ ಅಂಕಿಗಳಲ್ಲೇ ಅಡಗಿದೆ. ಪಟ್ಟಿಯಾಗದ ಕಂಪನಿ ಡಿಬೆಂಚರ್ ಮರುಪಾವತಿ ಮೀಸಲು ಎಂದು ಬಾಕಿ ಡಿಬೆಂಚರಿನ ಶೇ 10ರಷ್ಟನ್ನು ಲಾಭದಿಂದ ಎತ್ತಿಡಬೇಕು. ನಿಮಗೆ ಅದು 1,00,000. ಮರುಪಾವತಿ ಪ್ರೀಮಿಯಂ ಕೂಡ 1,00,000. ಮೊತ್ತ ಒಂದೇ, ಹೆಸರೂ ಹತ್ತಿರ ಹತ್ತಿರ. ಹಾಗಾಗಿ ಎರಡನ್ನೂ ಒಂದೇ ಎಂದು ಭಾವಿಸಿ ಒಂದನ್ನು ಬರೆದು ಇನ್ನೊಂದನ್ನು ಬಿಡುವವರಿದ್ದಾರೆ. ಮೀಸಲು ಎಂದರೆ ಷೇರುದಾರರಿಗೆ ಲಾಭಾಂಶವಾಗಿ ಹಂಚಬಾರದೆಂದು ಲಾಭದೊಳಗೇ ಕಟ್ಟಿದ ಬೇಲಿ. ಸಾಲವೆಲ್ಲ ತೀರಿದ ಮೇಲೆ ಅದು ಸಾಮಾನ್ಯ ಮೀಸಲಿಗೆ ಮರಳುತ್ತದೆ. ಪ್ರೀಮಿಯಂ ಎಂದರೆ ಹೊರಗಿನವರಿಗೆ ಕೊಡಲೇಬೇಕಾದ ಹಣ, ಮರಳುವುದಿಲ್ಲ. ಎರಡೂ ಬೇಕು.

ಬಡ್ಡಿಯನ್ನು ಮುಖಬೆಲೆಯಾದ ಹತ್ತು ಲಕ್ಷದ ಮೇಲೆಯೇ ಕೊಡಿ. ಒಂಬತ್ತೂವರೆ ಲಕ್ಷದ ಮೇಲೆ 85,500 ಎಂದು, ಇಲ್ಲವೇ ಹನ್ನೊಂದು ಲಕ್ಷದ ಮೇಲೆ 99,000 ಎಂದು ಬರೆದದ್ದನ್ನು ತಿದ್ದಿದ್ದೇನೆ.

ಅವಧಿಗೆ ಮೊದಲೇ ತೀರಿಸಿದರೆ, ಉದಾಹರಣೆಗೆ ಮೂರು ವರ್ಷಕ್ಕೆ, ನಷ್ಟ ಖಾತೆಯಲ್ಲಿ ಉಳಿದಿರುವ 60,000ವನ್ನು ಮುಂದಿನ ಎರಡು ವರ್ಷಕ್ಕೆ ಒಯ್ಯುವಂತಿಲ್ಲ. ಸಾಲವೇ ಇಲ್ಲವಾದ ಮೇಲೆ ಅದರ ವೆಚ್ಚಕ್ಕೆ ನೆಲೆ ಎಲ್ಲಿದೆ? ಅದೇ ವರ್ಷ ಎಲ್ಲವನ್ನೂ ಕಳೆಯಬೇಕು. ಮೊದಲೇ ತೀರಿಸಿದ್ದಕ್ಕೆ ಪ್ರೀಮಿಯಂ ಹತ್ತರ ಬದಲು ಆರು ರೂಪಾಯಿಗೆ ಒಪ್ಪಿದರೆ, ಹೆಚ್ಚಾಗಿ ಬರೆದಿದ್ದ 40,000ದ ಬಾಧ್ಯತೆಯನ್ನು ತೆಗೆದು ಉಳಿದ ನಷ್ಟದಿಂದ ವಜಾ ಮಾಡಿ. ಆಗ ಲಾಭ-ನಷ್ಟ ಖಾತೆಗೆ ಹೋಗುವುದು 20,000.

ಕೊನೆಯದಾಗಿ, ನಾನು ಅತಿ ಹೆಚ್ಚು ಕಂಡ ತಪ್ಪು. ಅದು ನಡೆಯುವುದು ಐದನೆಯ ವರ್ಷದಲ್ಲಿ, ಲೆಕ್ಕ ಬರೆಯುವವರು ಬದಲಾಗಿರುವಾಗ. ಒಂದು ಕಂಪನಿಯ ಲೆಕ್ಕ ನೋಡುತ್ತಿದ್ದಾಗ ಆ ವರ್ಷ ಹಣಕಾಸು ವೆಚ್ಚ ಇದ್ದಕ್ಕಿದ್ದಂತೆ ಏರಿತ್ತು. ಹೊಸ ಲೆಕ್ಕಿಗರು ಬ್ಯಾಂಕಿನಿಂದ ಮುಖಬೆಲೆಗಿಂತ ಹೆಚ್ಚು ಹೋದದ್ದನ್ನು ನೋಡಿ, ಹೆಚ್ಚುವರಿ ಮೊತ್ತವನ್ನು ಪ್ರೀಮಿಯಂ ಎಂದು ನೇರ ಲಾಭ-ನಷ್ಟ ಖಾತೆಗೆ ಹಾಕಿದ್ದರು. ಐದು ವರ್ಷದಲ್ಲಿ ಕಂತಾಗಿ ಕಳೆದದ್ದೇ ಮತ್ತೊಮ್ಮೆ ಕಳೆದುಹೋಗಿತ್ತು. ಅತ್ತ ಬಾಧ್ಯತೆಗಳ ಪಟ್ಟಿಯಲ್ಲಿ ಮರುಪಾವತಿ ಪ್ರೀಮಿಯಂ ಖಾತೆ ಯಾರಿಗೂ ಸೇರದ ಮೊತ್ತವಾಗಿ ಹಾಗೆಯೇ ಕುಳಿತಿತ್ತು. ಪತ್ತೆ ಮಾಡುವುದು ಸುಲಭ: ಸಾಲ ತೀರಿದ ಮೇಲೂ ಆ ಖಾತೆಯಲ್ಲಿ ಶಿಲ್ಕು ಇದ್ದರೆ ಎಲ್ಲೋ ಎರಡು ಸಲ ಬರೆದಿದೆ. ಇಲ್ಲವೇ ನಿಮ್ಮ ಆ ಹಾಳೆಯನ್ನು ತೆಗೆಯಿರಿ. ಐದು ವರ್ಷದ ಬಡ್ಡಿಯನ್ನೂ ಕಂತುಗಳನ್ನೂ ಕೂಡಿಸಿದರೆ ಆರು ಲಕ್ಷ ಬರಬೇಕು, ಏಳು ಲಕ್ಷ ಬಂದರೆ ಕಾರಣ ಇದೇ.

2030ರ ಮಾರ್ಚ್ 31ರಂದು ಬರೆಯಬೇಕಾದದ್ದು ಹೀಗೆ:

ಶೇ 9ರ ಡಿಬೆಂಚರ್ ಖಾತೆ — ಡೆಬಿಟ್ 10,00,000
ಡಿಬೆಂಚರ್ ಮರುಪಾವತಿ ಪ್ರೀಮಿಯಂ ಖಾತೆ — ಡೆಬಿಟ್ 1,00,000
 ಡಿಬೆಂಚರುದಾರರ ಖಾತೆ — ಕ್ರೆಡಿಟ್ 11,00,000

ಡಿಬೆಂಚರುದಾರರ ಖಾತೆ — ಡೆಬಿಟ್ 11,00,000
 ಬ್ಯಾಂಕ್ ಖಾತೆ — ಕ್ರೆಡಿಟ್ 11,00,000

ಈ ಎರಡು ನಮೂದುಗಳನ್ನು ಈಗಲೇ ಒಂದು ಚೀಟಿಯಲ್ಲಿ ಬರೆದು ಡಿಬೆಂಚರ್ ಒಪ್ಪಂದದ ಕಡತಕ್ಕೆ ಲಗತ್ತಿಸಿ. ಆ ವರ್ಷದ ಲಾಭ-ನಷ್ಟ ಖಾತೆಗೆ ಹೋಗಬೇಕಾದದ್ದು ಕೊನೆಯ ಬಡ್ಡಿ 90,000 ಮತ್ತು ಕೊನೆಯ ಕಂತು 30,000 ಮಾತ್ರ ಎಂದು ಅದರ ಕೆಳಗೆ ಸೇರಿಸಿ. ಆಗ ಆ ಕುರ್ಚಿಯಲ್ಲಿ ಯಾರು ಕುಳಿತಿದ್ದರೂ ಅವರಿಗೆ ಅದು ಸಿಗುತ್ತದೆ.